ಬುಧವಾರದ ಕಾರ್ಡು

ರೇವಮ್ಮನ ಮೇಲೆ ವರದಿ ಬರೆದು ಮುಗಿಸಿದ್ದೆ. ಸಹಿಯೊಂದು ಬಾಕಿ ಇತ್ತು. ಅರ್ಧ ಹಾಳೆ, ಏಳು ಸಾಲು. ‘ಸಾಕಣೆ ಮಾಡುವ ಹೆಂಗಸಿನ ನಿರ್ಲಕ್ಷ್ಯದಿಂದ ಕೊಠಡಿಯ ಉಷ್ಣಾಂಶ ಮಿತಿ ಮೀರಿ ಹುಳುಗಳು ಬಲಹೀನವಾಗಿವೆ’ ಎಂಬ ಸಾಲನ್ನು ಬರೆದಾಗ ನನಗೇ ನನ್ನ ಕನ್ನಡದ ಮೇಲೆ ಹೆಮ್ಮೆಯಾಗಿತ್ತು. ಸರ್ಕಾರಿ ಕನ್ನಡದಲ್ಲಿ ಸುಳ್ಳು ಬರೆದರೆ ಅದು ಸುಳ್ಳಿನಂತೆ ಕಾಣುವುದೇ ಇಲ್ಲ. ಇದು ನಾನು ಇಪ್ಪತ್ತಾರನೇ ವಯಸ್ಸಿಗೇ ಕಲಿತ ವಿದ್ಯೆ.

ಅದು ಎಪ್ಪತ್ತಾರನೇ ಇಸವಿಯ ಮಾರ್ಚ್ ತಿಂಗಳು. ನಾನು ಆಗ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರು, ಹೆಸರು ಯೋಗಾನರಸಿಂಹ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಸಿಗುವ ಕಟ್ಟೆಕೊಪ್ಪಲಿನಲ್ಲಿ ನನ್ನ ಕೆಲಸ. ಇದ್ದದ್ದು ಅಲ್ಲೇ ನಮ್ಮ ಸೋದರಮಾವ ರಾಮಾನುಜಯ್ಯಂಗಾರರ ಮನೆಯಲ್ಲಿ. ಅವರು ಹಳೆಯ ಶಾನುಭೋಗರು. ಅವರ ಮನೆಯ ಪಕ್ಕಕ್ಕೆ, ಓಣಿಗೆ ಬಾಗಿಲಿಟ್ಟುಕೊಂಡು ಒಂದು ಕೊಠಡಿ ಇತ್ತು. ಮೊದಲು ಭತ್ತ ತುಂಬುತ್ತಿದ್ದ ಜಾಗ. ಇಲಾಖೆಯವರು ಅದನ್ನೇ ಬಾಡಿಗೆಗೆ ಹಿಡಿದು ಚಾಕಿ ಕೇಂದ್ರ ಮಾಡಿದ್ದರು.

ಚಾಕಿ ಎಂದರೆ ರೇಷ್ಮೆಹುಳುವಿನ ಬಾಲವಾಡಿ. ಮೊಟ್ಟೆಯೊಡೆದ ಹುಳು ಇರುವೆಗಿಂತ ಸಣ್ಣದು. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ ಅದನ್ನು ಒಂದೇ ಕಡೆ ಎಳೆ ಸೊಪ್ಪು ಹಾಕಿ ಸಾಕಿ, ಆಮೇಲೆ ರೈತರಿಗೆ ಹಂಚುವುದು. ಇಪ್ಪತ್ತಾರು, ಇಪ್ಪತ್ತೆಂಟು ಡಿಗ್ರಿ ಇರಬೇಕು. ಇಪ್ಪತ್ತೊಂಬತ್ತಾದರೆ ಹೇಗೋ ತಡೆಯುತ್ತದೆ. ಅದರ ಮೇಲೆ ಹೋದರೆ ಸೊಪ್ಪು ಬಾಡುತ್ತದೆ, ಹುಳು ಮಂಕಾಗುತ್ತದೆ. ಮೋಜೆಂದರೆ ಆಗಲೇ ಸಾಯುವುದಿಲ್ಲ. ರೈತನ ಮನೆಗೆ ಹೋಗಿ, ಅವನ ಸೊಪ್ಪನ್ನೆಲ್ಲ ತಿಂದು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಸಪ್ಪೆರೋಗ ಬಂದು ಮೆತ್ತಗಾಗಿ ಬೀಳುತ್ತದೆ.

ಸಂಕ್ರಾಂತಿಯಿಂದೀಚೆಗೆ ಎರಡು ಬೆಳೆ ಹಾಗೇ ಬಿದ್ದವು. ಊರಿನವರು ಕಾರಣವನ್ನು ಹುಡುಕಲು ದೂರ ಹೋಗಲಿಲ್ಲ. ಚಾಕಿ ಮಾಡುತ್ತಿದ್ದವಳು ರೇವಮ್ಮ. ಚಿಕ್ಕಬೋರಯ್ಯನ ಹೆಂಡತಿ, ನಲವತ್ತರ ಹೆಂಗಸು, ಮಾತು ಒರಟು, ಕೈ ಮೆದು. ಮೂರು ವರ್ಷ ಅವಳ ಕೈಯ ಹುಳು ತಗೊಂಡು ಚೆನ್ನಾಗಿ ಗೂಡು ಬೆಳೆದವರೇ ಈಗ ‘ಅವಳ ಕೈಗುಣ ಕೆಟ್ಟದೆ’ ಅಂದರು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಒಬ್ಬಿಬ್ಬರು ಅವಳು ಮುಟ್ಟಾದಾಗಲೂ ಒಳಗೆ ಹೋಗುತ್ತಾಳೆ ಎಂದೂ ಸೇರಿಸಿದರು. ನಮ್ಮ ಮೇಲಧಿಕಾರಿ ಮರಿಸಿದ್ದಯ್ಯನವರು ಜೀಪಿನಲ್ಲಿ ಬಂದು ನಿಂತಲ್ಲೇ ಹೇಳಿದರು: “ಏಪ್ರಿಲ್ ಹದಿನೈದರೊಳಗೆ ಕಾರಣ ಬರೆದುಕೊಡಿ. ಹೆಂಗಸಿನ ತಪ್ಪಾದರೆ ಬೇರೆಯವರನ್ನು ಹಾಕೋಣ. ಇಪ್ಪತ್ತಕ್ಕೆ ಹೊಸ ಮೊಟ್ಟೆ ಬರುತ್ತೆ.”

ನಾನು ಅದೇ ದಿನ ಸಂಜೆ ಬರೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಇಲಾಖೆಯಲ್ಲಿ ನಾನೂ ಒಂದು ಬರೆಗೋಲು.

ಮರುದಿನ ಬೆಳಿಗ್ಗೆ ಸಹಿ ಹಾಕುವ ಮುಂಚೆ ಯಾಕೋ ಕೊಠಡಿಗೆ ಹೋದೆ. ಹುಳು ಇರಲಿಲ್ಲ. ರೇವಮ್ಮ ಬಿದಿರಿನ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟು, ನೆಲ ಸಾರಿಸುತ್ತಿದ್ದಳು. ಕೆಲಸ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಸಾರಿಸುತ್ತಿದ್ದಳು.

“ಕೊಠಡಿ ಕಾಯ್ತಾ ಇದೆ ಅಂತ ನನಗ್ಯಾಕೆ ಹೇಳಲಿಲ್ಲ?” ಎಂದೆ.

“ಯೋಳಿದ್ನಲ್ಲ ಸಾ. ಮಾಡಿನ್ ಮ್ಯಾಲೆ ತೆಂಗಿನ್ ಗರಿ ಒದಿಸ್ದಿರಿ. ಕಿಟ್ಕಿಗೆ ನೆಂದ ಗೋಣಿ ಕಟ್ಸಿದ್ರಿ. ಬಿಸಿ ಕಮ್ಮಿ ಆಯ್ತಾ? ಇಲ್ಲ.” ಅವಳು ಬಟ್ಟೆ ಹಿಂಡಿ ಎದ್ದು ನಿಂತಳು. “ಅದೂ ದಿನಾ ಅಲ್ಲ ಕಣ್ಸಾ. ಒಂದೊಂದ್ ದಿನ ಮದ್ಯಾನ ಒಳಿಕ್ಕೆ ಕಾಲಿಟ್ರೆ ಆಲೆಮನೆಗೆ ಕಾಲಿಟ್ಟಂಗಾಯ್ತದೆ. ಮಾರ್ನೇ ದಿನ ನೋಡುದ್ರೆ ತಣ್ಣಗೈತೆ.”

“ಯಾವ ದಿನ?”

“ಅದ್ಯಾವನ್ ಗ್ಯಾಪ್ಕ ಇಕ್ಕಂಡಿದ್ದಾನು?”

ಗೋಡೆಯಲ್ಲಿ ಥರ್ಮಾಮೀಟರು ನೇತಾಡುತ್ತಿತ್ತು. ಅದರ ಕೆಳಗೆ ನನ್ನ ರಿಜಿಸ್ಟರು. ದಿನಕ್ಕೆ ಎರಡು ಸಲ ಬರೆಯಬೇಕೆಂದು ಇಲಾಖೆಯ ನಿಯಮ: ಬೆಳಿಗ್ಗೆ ಎಂಟು, ಸಂಜೆ ಐದು. ತೆರೆದು ನೋಡಿದೆ. ಇಪ್ಪತ್ತಾರು, ಇಪ್ಪತ್ತೇಳು. ಇಪ್ಪತ್ತಾರು, ಇಪ್ಪತ್ತೇಳು. ಎರಡು ತಿಂಗಳು ಅದೇ. ಎಂಟಕ್ಕೆ ಬರೆದದ್ದು ಹೆಚ್ಚುಕಡಿಮೆ ನಿಜ. ಸಂಜೆಯದು ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತ ಬರೆದದ್ದು, ಹುಳುಗಳ ಮೇಲಿನ ಕರುಣೆಯಿಂದ. ಕೊಠಡಿ ಕಾದಿದೆ ಎಂದು ವರದಿಯಲ್ಲಿ ಬರೆದವನೂ ನಾನೇ, ಕಾದಿಲ್ಲವೆಂದು ರಿಜಿಸ್ಟರಿನಲ್ಲಿ ಬರೆದವನೂ ನಾನೇ. ನನಗೆ ನಾಚಿಕೆಯಾಯಿತು. ವರದಿಯನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹರಿಯಲಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಮೈಸೂರಿನಲ್ಲಿ ತರಬೇತಿಗೆ ಹೋಗಿದ್ದಾಗ ಅಲ್ಲೊಬ್ಬ ಹಿರಿಯ ವಿಜ್ಞಾನಿಯ ಮೇಜಿನ ಮೇಲೆ ಒಂದು ಕಟ್ಟು ಕಾರ್ಡು ನೋಡಿದ್ದೆ. ನಾಲ್ಕೂ ಅಂಚಿಗೆ ಸಾಲಾಗಿ ತೂತು. ಒಂದೊಂದು ತೂತಿಗೂ ಒಂದು ಅರ್ಥ. ಕಾರ್ಡಿನಲ್ಲಿ ಯಾವ ಸಂಗತಿ ಇದೆಯೋ ಆ ತೂತಿನಿಂದ ಅಂಚಿನವರೆಗೆ ಕತ್ತರಿಸಿ ಬಾಯಿ ಬಿಡಿಸಿಬಿಡುವುದು. ಆಮೇಲೆ ಇಡೀ ಕಟ್ಟನ್ನು ಒಟ್ಟಿಗೆ ಹಿಡಿದು, ಬೇಕಾದ ತೂತಿಗೆ ಉದ್ದನೆಯ ಸೂಜಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಬಾಯಿ ಬಿಡಿಸಿದ ಕಾರ್ಡುಗಳು ಕೆಳಗೆ ಬೀಳುತ್ತವೆ, ಉಳಿದವು ಸೂಜಿಯಲ್ಲೇ ನೇತಾಡುತ್ತವೆ. ನಾಲ್ಕು ನೂರು ಕಾರ್ಡಿನಲ್ಲಿ ಬೇಕಾದ ಇಪ್ಪತ್ತನ್ನು ಆತ ಹುರುಳಿ ಜರಡಿ ಹಿಡಿದ ಹಾಗೆ ಬೇರೆ ಮಾಡಿದ್ದ. ರಿಜಿಸ್ಟರನ್ನು ಮೇಲಿನಿಂದ ಕೆಳಕ್ಕೆ ಓದಬಹುದು, ಅಷ್ಟೆ. ಕಾರ್ಡಿನ ಕಟ್ಟನ್ನು ಪ್ರಶ್ನೆ ಕೇಳಬಹುದು.

ಇಲಾಖೆಯ ಹಳೆಯ ಫೈಲಿನ ರಟ್ಟುಗಳನ್ನು ಕೊಯ್ದು ಅಂಗೈಯಗಲದ ಕಾರ್ಡು ಮಾಡಿದೆ. ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಒಂದು ಅಚ್ಚು ಕತ್ತರಿಸಿ, ಅದನ್ನಿಟ್ಟೇ ಪ್ರತಿ ಕಾರ್ಡಿಗೂ ತೂತು ಹೊಡೆದೆ. ತೂತು ಕೂದಲೆಳೆ ಆಚೀಚೆಯಾದರೂ ಸೂಜಿ ತೂರುವುದಿಲ್ಲ. ಮೇಲಂಚಿಗೆ ಏಳು ತೂತು, ವಾರಕ್ಕೆ. ಬಲಕ್ಕೆ ಎಂಟು, ಹೊತ್ತಿಗೆ: ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡು ಗಂಟೆಗೊಮ್ಮೆ. ಕೆಳಗೆ ಹದಿಮೂರು, ಇಪ್ಪತ್ತೆರಡರಿಂದ ಮೂವತ್ತನಾಲ್ಕು ಡಿಗ್ರಿಯವರೆಗೆ. ಎಡಕ್ಕೆ ಎರಡೇ: ಕಿಟಕಿ ತೆರೆದಿತ್ತೋ, ಮುಚ್ಚಿತ್ತೋ. ಒಂದು ಸಲ ನೋಡಿದ್ದಕ್ಕೆ ಒಂದು ಕಾರ್ಡು. ನಡುವೆ ಖಾಲಿ ಜಾಗದಲ್ಲಿ ತಾರೀಖು, ಮತ್ತು ಹೊರಗೆ ಜಗಲಿಯ ನೆರಳಿನಲ್ಲಿ ನಾನು ತೂಗುಹಾಕಿದ ಇನ್ನೊಂದು ಥರ್ಮಾಮೀಟರಿನ ಅಂಕಿ. ಸೂಜಿಗೆ ನಮ್ಮ ಅತ್ತೆ ತಿರುಮಲಮ್ಮನವರ ಸ್ವೆಟರ್ ಹೆಣೆಯುವ ಕಡ್ಡಿ. ಆ ಸ್ವೆಟರು ಮೂರು ವರ್ಷದಿಂದ ಒಂದು ತೋಳಿನಲ್ಲೇ ನಿಂತಿತ್ತು, ಆದ್ದರಿಂದ ಕಡ್ಡಿಯ ಅಭಾವ ಅವರಿಗೆ ತಟ್ಟಲಿಲ್ಲ.

ನಾನು ದಿನವೆಲ್ಲ ಊರೂರು ಸುತ್ತುವವನು. ಎರಡು ಗಂಟೆಗೊಮ್ಮೆ ನೋಡುವವರು ಯಾರು? ರೇವಮ್ಮನನ್ನೇ ಕೇಳಿದೆ.

“ನಂಗೆ ಬರ್ಯಾಕೆ ಬರಾಕಿಲ್ವಲ್ಲ.”

“ಬರೆಯೋದು ಬೇಡ, ಕತ್ತರಿಸು. ಪಾದರಸ ಎಲ್ಲಿಗೆ ನಿಂತಿದೆಯೋ ಆ ಗೆರೆ ಲೆಕ್ಕಕ್ಕೆ ಸರಿಯಾದ ತೂತಿಗೆ ಕತ್ತರಿ ಹಾಕು. ಹೊತ್ತಿಗೊಂದು, ವಾರಕ್ಕೊಂದು, ಕಿಟಕಿಗೊಂದು. ತಾರೀಖು ನಾನು ಮೊದಲೇ ಹಾಕಿಟ್ಟಿರ್ತೀನಿ. ಜಗಲಿಯದಕ್ಕೆ ಗೆರೆಯೆಳೆದ ಚೀಟಿ ಇದೆ, ಚುಕ್ಕಿ ಇಡು, ಸಂಜೆ ನಾನು ಅಂಕಿ ಮಾಡ್ಕೋತೀನಿ.”

ಹದಿನೈದು ನಿಮಿಷದಲ್ಲಿ ಕಲಿತಳು. ಹೊತ್ತಿಗೆ ಮಳವಳ್ಳಿ ಬಸ್ಸು, ಶಾಲೆಯ ಗಂಟೆ, ನಮ್ಮ ಮಾವನವರ ಗಡಿಯಾರ ಹೊಡೆಯುವ ಸದ್ದು ಇದ್ದವು. ಎರಡನೇ ದಿನಕ್ಕೇ ನನ್ನನ್ನೇ ತಿದ್ದಿದಳು: “ಗೆರೆ ನೋಡುವಾಗ ಕಣ್ಣು ಪಾದರ್ಸದ್ ಸಮುಕ್ಕೆ ಇರ್ಬೇಕು ಸಾ. ನೀವು ನಿಂತ್ಕಂಡು ಮ್ಯಾಲಿಂದ ನೋಡ್ತೀರಿ, ತಪ್ಪು ತೋರ್ತದೆ.” ಮೂರು ವರ್ಷ ಆ ಥರ್ಮಾಮೀಟರನ್ನು ಮೇಲಿನಿಂದ ನೋಡಿದವನು ನಾನು. ಸುಮ್ಮನೆ ಬಗ್ಗಿದೆ.

ಮಾರ್ಚ್ ಇಪ್ಪತ್ತೆರಡು ಸೋಮವಾರ ಶುರು, ಏಪ್ರಿಲ್ ಹನ್ನೊಂದು ಭಾನುವಾರ ಕೊನೆ. ಮೂರು ವಾರ. ನಡುವೆ ಯುಗಾದಿ ಬಂತು. ಹಬ್ಬದ ದಿನ ಬಿಡು ಎಂದಿದ್ದೆ. ಅವಳು ಬಿಡಲಿಲ್ಲ. ಹೊಸ ಸೀರೆಯುಟ್ಟು, ಬೇವುಬೆಲ್ಲದ ಕೈಯಲ್ಲೇ ಬಂದು ಎಂಟು ಸಲ ಕತ್ತರಿಸಿ ಹೋಗಿದ್ದಳು. ಆ ಎಂಟೂ ಕಾರ್ಡುಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸುವಷ್ಟರಲ್ಲಿ ಸಾಕಾಯಿತು.

ಸೋಮವಾರ ಹನ್ನೆರಡನೇ ತಾರೀಖು ಮಧ್ಯಾಹ್ನ ಕೊಠಡಿಯ ನೆಲದ ಮೇಲೆ ಚಾಪೆ ಹಾಕಿ ಕೂತೆವು. ಸೋಮವಾರ ಊರಿನಲ್ಲಿ ನೇಗಿಲಿಗೆ ಎತ್ತು ಕಟ್ಟುವುದಿಲ್ಲ, ಅವಳಿಗೂ ಬಿಡುವಿತ್ತು. ನೂರ ಅರವತ್ತೆಂಟು ಕಾರ್ಡು. ಮೊದಲು ನಾನು ಶಾಲೆಯಿಂದ ತಂದ ಗ್ರಾಫ್ ಹಾಳೆಯ ಮೇಲೆ ದಿನಕ್ಕೊಂದು ಗೆರೆ ಎಳೆದೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಡಿಗ್ರಿ. ನಾಲ್ಕೈದು ಗೆರೆ ಎಳೆಯುವಷ್ಟರಲ್ಲಿ ಇಬ್ಬರೂ ಹಾಳೆಯ ಮೇಲೆ ಬಗ್ಗಿದ್ದೆವು. ಇಪ್ಪತ್ತೊಂದೂ ಮುಗಿದಾಗ ಕಂಡದ್ದು ಇದು: ಎಲ್ಲ ಗೆರೆಗಳೂ ಬೆಳಿಗ್ಗೆ ಇಪ್ಪತ್ತನಾಲ್ಕರ ಸುತ್ತ ಹುಟ್ಟಿ, ಹತ್ತು ಗಂಟೆಯವರೆಗೆ ಒಂದೇ ಜಡೆಯಂತೆ ಜೊತೆಗೆ ಹತ್ತುತ್ತವೆ. ಅಲ್ಲಿ ಜಡೆ ಎರಡು ಸೀಳಾಗುತ್ತದೆ. ಒಂದು ಸೀಳು ಎರಡು ಗಂಟೆಗೆ ಇಪ್ಪತ್ತೊಂಬತ್ತು ಮುಟ್ಟಿ ಮೆಲ್ಲನೆ ಇಳಿಯುತ್ತದೆ. ಇನ್ನೊಂದು ಅದೇ ಹೊತ್ತಿಗೆ ಮೂವತ್ತೆರಡು, ಮೂವತ್ತಮೂರಕ್ಕೆ ಏರಿ, ರಾತ್ರಿ ಎಂಟಾದರೂ ಪೂರ್ತಿ ಇಳಿಯುವುದಿಲ್ಲ. ನಡುವೆ ಇರುವ ಗೆರೆ ಒಂದೂ ಇಲ್ಲ.

ಜಗಲಿಯ ಅಂಕಿಗಳನ್ನು ನೋಡಿದೆ. ಎರಡು ಬಗೆಯ ದಿನಗಳಲ್ಲೂ ಹೊರಗಿನ ಬಿಸಿ ಒಂದೇ. ಅಂದರೆ ಬಿಸಿಲಲ್ಲ, ಮಾಡಲ್ಲ. ನನ್ನ ತೆಂಗಿನ ಗರಿಗಳಿಗೆ ಅಲ್ಲೇ ತಿಥಿಯಾಯಿತು.

“ಈಗ ಕೇಳೋಣ” ಎಂದು ಕಟ್ಟನ್ನು ಜೋಡಿಸಿ, ಎರಡು ಗಂಟೆಯ ತೂತಿಗೆ ಕಡ್ಡಿ ತೂರಿಸಿ ಎತ್ತಿದೆ. ಇಪ್ಪತ್ತೊಂದು ಕಾರ್ಡು ಚಾಪೆಯ ಮೇಲೆ ಬಿದ್ದವು. ಅವನ್ನೇ ಎತ್ತಿಕೊಂಡು ಮೊದಲು ಕಿಟಕಿ ಕೇಳಿದೆ. ಬಿಸಿಯಿದ್ದ ದಿನವೂ ತೆರೆದದ್ದಿದೆ, ಮುಚ್ಚಿದ್ದಿದೆ, ಅದೂ ಅಲ್ಲ. ಮತ್ತೆ ಸೇರಿಸಿ ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕರ ತೂತಿಗೆ ಒಂದಾದ ಮೇಲೊಂದು ಕಡ್ಡಿ ಹಾಕಿದೆ. ಬಿದ್ದವು ಒಂಬತ್ತು. ಆ ಒಂಬತ್ತನ್ನು ವಾರ ಕೇಳಿದೆ. ಸೋಮವಾರ: ಬೀಳಲಿಲ್ಲ. ಮಂಗಳವಾರ: ಮೂರು. ಬುಧವಾರ: ಒಂದು. ಗುರುವಾರ: ಇಲ್ಲ. ಶುಕ್ರವಾರ: ಎರಡು. ಶನಿವಾರ: ಮೂರು. ಭಾನುವಾರ: ಇಲ್ಲ.

ಬಿಸಿಲಿಗೆ ವಾರ ಗೊತ್ತಿಲ್ಲ. ವಾರ ಗೊತ್ತಿರುವುದು ಮನುಷ್ಯನಿಗೆ ಮಾತ್ರ. ಯಾರೋ ಮಂಗಳವಾರ, ಶುಕ್ರವಾರ, ಶನಿವಾರ ಏನೋ ಮಾಡುತ್ತಿದ್ದರು. ಸಂತೆಯೆಂದುಕೊಂಡೆ, ಕರೆಂಟು ಕಡಿತವೆಂದುಕೊಂಡೆ, ಎರಡೂ ಕೂಡಿಬರಲಿಲ್ಲ. ಎಲ್ಲಕ್ಕಿಂತ ಆ ಒಂದು ಬುಧವಾರ ನನ್ನ ತಲೆ ಕೆಡಿಸಿತು. ಮೂರು ಬುಧವಾರದಲ್ಲಿ ಒಂದೇ ಒಂದು. ಮೂರು ಶುಕ್ರವಾರದಲ್ಲಿ ಒಂದು ಕಮ್ಮಿ. ತಾರೀಖು ನೋಡಿದೆ. ಬುಧವಾರ, ಮಾರ್ಚ್ ಮೂವತ್ತೊಂದು.

“ಇದು ಯುಗಾದಿಯ ಕಾರ್ಡು” ಎಂದೆ. “ಹಬ್ಬದ ಗಡಿಬಿಡಿಯಲ್ಲಿ ತಪ್ಪು ತೂತಿಗೆ ಕತ್ತರಿ ಹಾಕಿದ್ದೀಯ. ಇದನ್ನ ತೆಗೆದುಬಿಡೋಣ, ಬಾಕಿಯದು ಸರಿಹೋಗುತ್ತೆ.”

ರೇವಮ್ಮ ಕಾರ್ಡನ್ನು ನನ್ನ ಕೈಯಿಂದ ತಗೊಂಡಳು.

“ನಾನ್ ನೋಡಿದ್ದೇ ಕತ್ರ್ಸಿರಾದು. ಎಲ್ಡ್ ಸತಿ ನೋಡ್ದೆ ಅವತ್ತು, ಜಾಸ್ತಿ ಐತಲ್ಲ ಅಂತ. ಊರೋರೂ ಇಂಗೇ ಅಂದ್ರು, ಇವಳ್ದೇ ತಪ್ಪು ಅಂತ. ನೀವೂ ಅಂತೀರಾ?”

ಪೆಟ್ಟಿಗೆಯ ತಳದಲ್ಲಿದ್ದ ಹಾಳೆ ನೆನಪಾಯಿತು. ನನ್ನ ಲೆಕ್ಕಕ್ಕೆ ಹೊಂದದ್ದನ್ನು ಅವಳ ತಪ್ಪೆಂದು ಬರೆಯುವುದು ಆಗಲೇ ನನಗೆ ರೂಢಿಯಾಗಿತ್ತು. “ಇಲ್ಲ ರೇವಮ್ಮ, ತಪ್ಪಾಯ್ತು” ಎಂದೆ. “ಅದು ಇರಲಿ. ಅದು ಸರಿ ಅಂತಲೇ ಇಟ್ಟುಕೊಂಡು ಯೋಚನೆ ಮಾಡೋಣ. ಎರಡನೇ ವಾರದ ಶುಕ್ರವಾರ ಯಾಕೆ ಬಿಸಿ ಇಲ್ಲ?”

ಅವಳು ಬೆರಳು ಮಡಿಸಿದಳು. “ಮಂಗಳವಾರ. ಸುಕ್ಕುರವಾರ. ಸನಿವಾರ.” ಮತ್ತೆ ಮಡಿಸಿದಳು. ಆಮೇಲೆ ಕೈ ಹಾಗೇ ನಿಂತಿತು. “ಸಾ, ಇವು ನಾನ್ ಆಕಿದ್ ಕಡ್ಡಿ ಉರಿಯೋ ದಿನ ಅಲ್ವ್ರಾ?”

“ಯಾವ ಕಡ್ಡಿ?”

“ರೇಸ್ಮೆ ಕಡ್ಡಿ. ಸೊಪ್ಪು ಬುಡಿಸಿದ್ ಮ್ಯಾಲೆ ಉಳಿಯೋದು. ನಿಮ್ಮತ್ತೆಮ್ಮೋರ ಅಂಡೆ ಒಲೆಗೆ. ಸಂಕ್ರಾಂತಿಗಂಟ ಅವ್ರು ತೆಂಗಿನ್ ಸೋಗೆ ಉರಿಸೋರು, ಆಮ್ಯಾಲೆ ಕಡ್ಡಿ ಇಡುದ್ರು, ಇದ್ರ ಕೆಂಡ ಜೋರು. ಮುಂಚಿನ್ ದಿನ ಸಂಜೆ ಇತ್ಲಲ್ಲಿ ಒರೆ ಆಕ್ಬುಟ್ಟು ಬತ್ತೀನಿ. ಮಂಗಳವಾರ ಸುಕ್ಕುರವಾರ ಎಂಗಸ್ರು ಎಣ್ಣೆನೀರು. ಸನಿವಾರ ಗಂಡಸ್ರುದ್ದು. ಅವತ್ತೊಂದ್ ಸುಕ್ಕುರವಾರ ಅಮ್ಮಾರೆಲ್ಲಾ ಮಗಳ ಊರಿಗೆ ಓಗಿದ್ರು, ಕಡ್ಡಿ ಬ್ಯಾಡ ಅಂದ್ರು.” ಕಾರ್ಡನ್ನು ನನ್ನ ಮುಂದೆ ಇಟ್ಟಳು. “ಉಗಾದಿ ಅಬ್ಬದ್ ದಿನ ಎಲ್ರುಗೂ ಎಣ್ಣೆನೀರು. ಮೂರು ಒರೆ ಆಕಿದ್ದೆ.”

ಇಬ್ಬರೂ ಒಟ್ಟಿಗೆ ತಿರುಗಿ ಗೋಡೆ ನೋಡಿದೆವು. ಕೊಠಡಿಯ ಒಳಗೋಡೆ. ಅದಕ್ಕೆ ಹಳೆಯ ಪೇಪರು ಅಂಟಿಸಿ, ಮುಂದೆ ಚಾಪೆ ಕಟ್ಟಿ, ಹುಳುವಿನ ತಟ್ಟೆಯ ಅಟ್ಟಣಿಗೆ ನಿಲ್ಲಿಸಿತ್ತು. ಆ ಗೋಡೆಯ ಆಚೆ ಏನಿದೆ ಎಂದು ನಾನು ಮೂರು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಬಚ್ಚಲುಮನೆಗೆ ಹೋಗಬೇಕಾದರೆ ನಡುಮನೆ ದಾಟಿ, ಹಿತ್ತಲಿಗಿಳಿದು ಹೋಗಬೇಕು. ಚಾಕಿ ಕೊಠಡಿಗೆ ಜಗಲಿಯಿಂದ ಇಳಿದು ಓಣಿ ಸುತ್ತಿ ಬರಬೇಕು. ಎರಡರ ನಡುವೆ ನನ್ನ ಮನಸ್ಸಿನಲ್ಲಿ ಅರ್ಧ ಊರಿತ್ತು. ನಿಜಕ್ಕೆ ಇದ್ದದ್ದು ಒಂಬತ್ತಂಗುಲದ ಇಟ್ಟಿಗೆ. ಹಂಡೆಯ ಒಲೆ ಆ ಗೋಡೆಗೇ ಆತುಕೊಂಡಿತ್ತು, ಹೊಗೆಗೂಡು ಆ ಗೋಡೆಯೊಳಗೇ ಮೇಲೆ ಹೋಗಿತ್ತು.

ರೇವಮ್ಮ ಆ ಬಚ್ಚಲಿಗೆ ಕಾಲಿಡುವಂತಿರಲಿಲ್ಲ, ಮಡಿ. ನಮ್ಮ ಮನೆಯ ಹೆಂಗಸರು ಈ ಕೊಠಡಿಗೆ ಕಾಲಿಡುತ್ತಿರಲಿಲ್ಲ. ಹುಳು ಕೊಲ್ಲುವ ಪಾಪದ ಮೂಲ ಇದು ಎಂದು ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ಮಡಿಗೆ ಉಟ್ಟ ರೇಷ್ಮೆ ಸೀರೆಯ ಸೆರಗಿನಿಂದಲೇ. ಎರಡೂ ಕಡೆ ಓಡಾಡುತ್ತಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ. ಪ್ರತಿ ಶನಿವಾರ ತಲೆಗೆ ಹರಳೆಣ್ಣೆ ಬಡಿಸಿಕೊಂಡು, ಹಂಡೆ ಬರಿದಾಗುವವರೆಗೆ ನೀರು ಹುಯ್ದುಕೊಂಡು, ‘ಆಹಾ’ ಎನ್ನುತ್ತಿದ್ದವನೂ ನಾನೇ. ಆ ಶನಿವಾರಗಳಲ್ಲಿ ನಾಲ್ಕು ಗೇಣು ಆಚೆ ನನ್ನದೇ ಇಲಾಖೆಯ ಹುಳು ಬೇಯುತ್ತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಸಂಜೆ ಅತ್ತೆಗೆ ಹೇಳಿದೆ. ಅವರು ಹೂ ಕಟ್ಟುತ್ತಿದ್ದರು, ತಲೆಯೆತ್ತಲಿಲ್ಲ.

“ಹುಚ್ಚು ಹಿಡಿದಿದೆಯೇನೋ ನರಸಿಂಹ? ಬೆಳಗಿನ ಜಾವ ಐದಕ್ಕೆ ಒಲೆ ಹಚ್ಚುತ್ತೀವಿ, ಒಂಬತ್ತಕ್ಕೆ ಆರಿ ಬೂದಿಯಾಗಿರುತ್ತೆ. ಮಧ್ಯಾಹ್ನ ಎರಡು ಗಂಟೆಗೆ ಆ ಕೊಠಡಿ ಕಾದರೆ ನನ್ನ ಒಲೆ ಕಾರಣವಾಗುತ್ತಾ? ಒಲೆ ಆರಿದ ಮೇಲೆ ಬಿಸಿಯಾಗೋದನ್ನ ನಾನೆಲ್ಲೂ ಕೇಳಿಲ್ಲ.”

ಒಳ್ಳೆಯ ಪ್ರಶ್ನೆ. ಮರಿಸಿದ್ದಯ್ಯನವರೂ ಇದನ್ನೇ ಕೇಳುವವರು. ನನ್ನ ಗ್ರಾಫಿನಲ್ಲಿ ಉತ್ತರ ಇತ್ತು, ಹತ್ತು ಗಂಟೆಗೆ ಸೀಳುವ ಜಡೆಯಲ್ಲಿ. ಆದರೆ ಅತ್ತೆ ಗ್ರಾಫ್ ನೋಡುವವರಲ್ಲ, ಮುಟ್ಟಿ ನೋಡುವವರು.

“ನಾಳೆ ಮಂಗಳವಾರ” ಎಂದೆ. “ನೀವು ಎಂದಿನ ಹಾಗೇ ಎಣ್ಣೆನೀರು ಹಾಕಿಕೊಳ್ಳಿ. ಆಮೇಲೆ ಎರಡು ಸಲ ಆ ಕೊಠಡಿಗೆ ಬಂದು ಗೋಡೆ ಮುಟ್ಟಿ. ಹತ್ತಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ.”

“ಆ ಹುಳದ ಕೋಣೆಗಾ?”

“ಹುಳ ಇಲ್ಲ ಅತ್ತೆ. ಹುಳ ಬರೋದು ಇಪ್ಪತ್ತಕ್ಕೆ. ಬರುತ್ತೋ ಇಲ್ಲವೋ ಅನ್ನೋದೇ ಈಗ ನಿಮ್ಮ ಕೈಯಲ್ಲಿರೋದು.”

ಮಂಗಳವಾರ ನಾನೂ ರೇವಮ್ಮನೂ ಅಟ್ಟಣಿಗೆ ಸರಿಸಿ, ಚಾಪೆ ಬಿಚ್ಚಿ, ಪೇಪರು ಕಿತ್ತು ಗೋಡೆಯನ್ನು ಬರಿದು ಮಾಡಿದೆವು. ಹತ್ತು ಗಂಟೆಗೆ ಅತ್ತೆ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡೇ ಓಣಿ ಸುತ್ತಿ ಬಂದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ನಾರಾಯಣ ಎಂದು ಒಳಗೆ ಬಂದರು. ಬಚ್ಚಲ ಕಡೆಯ ಗೋಡೆಯನ್ನು ಆಗತಾನೆ ಮುಟ್ಟಿ ಬಂದಿದ್ದರು, ಅಲ್ಲಿ ಕೈ ಇಡಲಾಗಲಿಲ್ಲವಂತೆ. ಇಲ್ಲಿ ಅಂಗೈ ಊರಿದರು. ಮುಖದಲ್ಲಿ ಗೆದ್ದ ಕಳೆ ಬಂತು.

“ಒಂಚೂರು ಬೆಚ್ಚಗಿದೆ, ಅಷ್ಟೆ. ಇದಕ್ಕೆ ನಿನ್ನ ಹುಳ ಸಾಯುತ್ತವಾ?”

“ಎರಡು ಗಂಟೆಗೆ ಬನ್ನಿ.”

ಎರಡಕ್ಕೆ ಅವರು ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ, ಅದು ಅವರ ನಿದ್ದೆಯ ಹೊತ್ತು. ರೇವಮ್ಮ ಬಾಗಿಲಲ್ಲಿ ಕೂತು ಸೆರಗಿನ ತುದಿಯನ್ನು ತಿರುಚುತ್ತಿದ್ದಳು. ಥರ್ಮಾಮೀಟರು ಮೂವತ್ತಮೂರು ತೋರಿಸುತ್ತಿತ್ತು. ಗೋಡೆ ಸುಳ್ಳು ಹೇಳಿದರೆ ಅವಳ ಕೆಲಸ ಹೋಯಿತು, ಹೆಸರೂ ಹೋಯಿತು. ಅವಳು ಬೆಳಗಿನಿಂದ ಗೋಡೆ ಮುಟ್ಟಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಅವ್ರೇ ಮುಟ್ಲಿ ಸಾ. ನಾನ್ ಮುಟ್ಟುದ್ರೆ ನನ್ ಕೈಯಿಂದ್ಲೇ ಬಿಸಿಯಾಯ್ತು ಅಂದಾರು” ಎಂದಳು.

ಗಡಿಯಾರ ಎರಡು ಹೊಡೆದ ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಎದುರಿಗೆ ಹೋಗಿ ಅಂಗೈ ಊರಿದರು, ತೆಗೆದರು, ಸ್ವಲ್ಪ ಮೇಲಕ್ಕೆ ಹೊಗೆಗೂಡಿನ ಜಾಡಿನಲ್ಲಿ ಮತ್ತೆ ಊರಿದರು. ಕೈ ಹಿಂದಕ್ಕೆ ಎಳೆದುಕೊಂಡು ಹೊರಟೇ ಹೋದರು. ಐದು ನಿಮಿಷಕ್ಕೆ ಮತ್ತೆ ಬಂದರು, ಏದುಸಿರು ಬಿಡುತ್ತ.

“ಆ ಕಡೆ ಮುಟ್ಟಿ ನೋಡಿಬಂದೆ. ಬೆಳಿಗ್ಗೆಗಿಂತ ಎಷ್ಟೋ ತಣ್ಣಗಾಗಿದೆ. ಈ ಕಡೆ ಕಾದ ಹೆಂಚಾಗಿದೆ.”

“ಗೋಡೆ ದಪ್ಪ ಅತ್ತೆ. ಅಲ್ಲಿ ಹೀರಿಕೊಂಡ ಬಿಸಿ ಇಟ್ಟಿಗೆಯೊಳಗೆ ನಡೆದು ಇಲ್ಲಿಗೆ ಬರೋಕೆ ಐದಾರು ಗಂಟೆ ಬೇಕು. ಇದು ಬಂದು ಸೇರೋ ಹೊತ್ತಿಗೆ ಬಿಸಿಲೂ ನೆತ್ತಿಗೆ ಬಂದಿರುತ್ತೆ. ಅದಕ್ಕೇ ಎಲ್ಲರೂ ಬಿಸಿಲು ಅಂದುಕೊಂಡಿದ್ದು.”

ಅತ್ತೆ ನನ್ನ ಕಡೆ ನೋಡಲಿಲ್ಲ. ರೇವಮ್ಮನ ಕಡೆ ತಿರುಗಿದರು. “ಏನೇ ರೇವಮ್ಮ, ನಮ್ಮ ಮನೆ ಎಣ್ಣೆನೀರಿಗೆ ನೀನು ಬೈಸಿಕೊಂಡೆಯಾ?”

“ಕಡ್ಡಿ ತಂದಾಕ್ದೋಳೂ ನಾನೇ ಕಣಮ್ಮ” ಎಂದಳು ರೇವಮ್ಮ. ಆಮೇಲೆ ಅತ್ತು ಬಿಟ್ಟಳು. ಎರಡು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆ ಅವಳ ಹತ್ತಿರ ಹೋಗಿ ನಿಂತರು. ಮುಟ್ಟಲಿಲ್ಲ, ಮಡಿಯಲ್ಲಿದ್ದರು. ಆದರೆ ಅವಳು ಅತ್ತು ಮುಗಿಸುವವರೆಗೆ ಅಲ್ಲೇ ನಿಂತಿದ್ದರು.

ಹಂಡೆ ನಮ್ಮ ಮಾವನವರ ತಾತನ ಕಾಲದ್ದು, ಅದನ್ನು ಕದಲಿಸುವುದು ಅಪಶಕುನ ಎಂದು ಮಾವ ಒಂದು ಮಾತು ಆಡಿದರು. “ಹಂಡೆ ಕದಲಿಸೋದಕ್ಕೆ ಅಪಶಕುನ, ಒಬ್ಬಳ ಅನ್ನ ಕದಲಿಸೋದಕ್ಕೆ ಇಲ್ಲವೋ?” ಎಂದು ಅತ್ತೆ ಅದನ್ನು ಅಲ್ಲಿಗೇ ನಿಲ್ಲಿಸಿದರು. ಬುಧವಾರವೇ ಹಿತ್ತಲಿನ ಹಲಸಿನ ಮರದ ಪಕ್ಕ ಮೂರು ಕಲ್ಲು ಹೂಡಿ, ಸುತ್ತ ತಡಿಕೆ ಕಟ್ಟಿ ಹಂಡೆ ಅಲ್ಲಿಗೆ ಹೋಯಿತು. ಚಿಕ್ಕಬೋರಯ್ಯ ಒಬ್ಬನೇ ಅದನ್ನು ತಲೆಯ ಮೇಲೆ ಹೊತ್ತು ಸಾಗಿಸಿದ, ಅವತ್ತು ಯಾರೂ ಮಡಿಯ ಮಾತೆತ್ತಲಿಲ್ಲ. ಹಳೆಯ ಒಲೆಯ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿದೆವು.

ಹದಿನೈದಕ್ಕೆ ವರದಿ ತಗೊಂಡು ನಾನೇ ಮರಿಸಿದ್ದಯ್ಯನವರ ಮುಂದೆ ನಿಂತೆ. ಗ್ರಾಫ್ ಹಾಳೆ ಜೊತೆಗಿತ್ತು. ಅವರು ಎರಡು ಸೀಳಿನ ಜಡೆಯನ್ನು ತುಂಬ ಹೊತ್ತು ನೋಡಿದರು. ‘ಶನಿವಾರದ ಏರಿಕೆಗೆ ಸಹಿದಾರನ ಅಭ್ಯಂಜನವೂ ಕಾರಣವಾಗಿರುತ್ತದೆ’ ಎಂಬ ಸಾಲಿಗೆ ಬಂದಾಗ ಕನ್ನಡಕ ತೆಗೆದರು. ‘ಉಷ್ಣಾಂಶ ನೋಡಿ ದಾಖಲಿಸಿದವರು: ಶ್ರೀಮತಿ ರೇವಮ್ಮ’ ಎಂಬುದನ್ನು ಓದಿ, “ಇವರು ಓದಿದ್ದಾರಾ?” ಎಂದರು.

“ಇಲ್ಲ ಸರ್. ಆದರೆ ನನ್ನ ಹಾಗೆ ಜಗಲಿಯಲ್ಲಿ ಕೂತು ಬರೆಯೋದಿಲ್ಲ.”

ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ರಿಜಿಸ್ಟರಿನ ವಿಷಯಕ್ಕೆ. ಸಿಗಬೇಕಾದದ್ದೇ. ಅದರ ಜೊತೆಯ ಟಪಾಲಿನಲ್ಲೇ ಮೊಟ್ಟೆಯನ್ನು ಕಟ್ಟೆಕೊಪ್ಪಲಿಗೇ, ರೇವಮ್ಮನ ಹೆಸರಿಗೇ ಕಳಿಸುವ ಆದೇಶವೂ ಬಂತು.

ಇಪ್ಪತ್ತಕ್ಕೆ ಮೊಟ್ಟೆ ಬಂದವು. ಹುಳು ಒಡೆದು ಎರಡನೇ ಜ್ವರಕ್ಕೆ ಕೂರುವವರೆಗೆ ರೇವಮ್ಮ ಒಂದು ಹೊತ್ತೂ ತಪ್ಪಿಸದೆ ಕಾರ್ಡು ಕತ್ತರಿಸಿದಳು. ಹಂಚುವ ದಿನ ಬೆಳ್ಳಂಬೆಳಿಗ್ಗೆ ರೈತರು ಬಂದು ಓಣಿಯಲ್ಲಿ ನಿಂತಿದ್ದರು. ಬೈದವರೆಲ್ಲ ಇದ್ದರು. ಯಾರೂ ಮುಂದೆ ಬಂದು ತಟ್ಟೆಗೆ ಕೈಯೊಡ್ಡಲಿಲ್ಲ. ರೇವಮ್ಮ ಕಾರ್ಡಿನ ಕಟ್ಟು ತಂದು, ಎಲ್ಲರ ಮುಂದೆ ಅತ್ತೆಯ ಕಡ್ಡಿಯನ್ನು ಮೂವತ್ತಮೂರರ ತೂತಿಗೆ ತೂರಿಸಿ ಎತ್ತಿ ಅಲ್ಲಾಡಿಸಿದಳು. ಒಂದೂ ಬೀಳಲಿಲ್ಲ. ಮೂವತ್ತೆರಡಕ್ಕೆ ತೂರಿಸಿದಳು. ಬೀಳಲಿಲ್ಲ. ಮೂವತ್ತೊಂದು, ಮೂವತ್ತು. ಬೀಳಲಿಲ್ಲ. ಅದು ಏನೆಂದು ಅವರಿಗೆ ಅರ್ಥವಾಯಿತೋ ಇಲ್ಲವೋ, ಆದರೆ ಬೀಳಬೇಕಾದ್ದು ಬೀಳಲಿಲ್ಲವೆಂಬುದು ಅವಳ ಮುಖ ನೋಡಿಯೇ ಗೊತ್ತಾಯಿತು. ಮುಂದೆ ನಿಂತಿದ್ದ ರೈತ ಕರಿಸಿದ್ದಯ್ಯ ಹೆಗಲ ಬಟ್ಟೆ ತೆಗೆದು ತಟ್ಟೆಗೆ ಕೈಯೊಡ್ಡಿದ. “ಕೊಡವ್ವ” ಎಂದ.

ಎಲ್ಲರೂ ಹೋದಮೇಲೆ ನಾನು ಪೆಟ್ಟಿಗೆಯ ತಳದಿಂದ ಆ ಹಾಳೆ ತಂದು ಅವಳ ಕೈಗೆ ಕೊಟ್ಟೆ. ಓದಲು ಬಾರದವಳಿಗೆ ಕೊಡುವುದರಲ್ಲೂ ಒಂದು ಹೇಡಿತನವಿದೆ ಎನಿಸಿ, ನಾನೇ ಓದಿ ಹೇಳಿದೆ. ಏಳೂ ಸಾಲು. ಅವಳು ಕೇಳಿಸಿಕೊಂಡಳು. ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಮುಗಿಸಿದಳು.

“ಸನಿವಾರ ಅಂಡೆ ಒಲೆಗೆ ಆಕ್ಬುಡಿ ಸಾ” ಎಂದಳು ಕೊನೆಗೆ. “ಅದ್ರ ಬಿಸಿ ಇನ್ನು ನಮ್ ಗೋಡೆಗೆ ಬರಾಕಿಲ್ಲ.”